ಬುದ್ಧಿ ಹೇಳಿದರೆ ಹುಡುಗರು ಕೇಳುವುದಿಲ್ಲ, ನಾನೇನು ಮಾಡಲಿ?

ಪ್ರಶ್ನೆ: ನನಗೆ ಐವತ್ತೆರಡು. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಜೀವನ ಬರಿದಾದಂತೆ ಅನಿಸುತ್ತದೆ. ಕಿರಿಯರಿಗೆ ಮಾರ್ಗದರ್ಶನ ಮಾಡಿದರೆ ಸಮಾಧಾನ ಸಿಗುತ್ತದೆ ಎನ್ನುತ್ತಾರೆ. ಆದರೆ ಓಣಿಯ ಹುಡುಗರಿಗೆ ಎಷ್ಟು ಬುದ್ಧಿ ಹೇಳಿದರೂ ಅವರು ಕೇಳುವುದಿಲ್ಲ.

ಉತ್ತರ: ಹುಬ್ಬಳ್ಳಿಯಿಂದಲೋ ಹಾವೇರಿಯಿಂದಲೋ ಈ ಪ್ರಶ್ನೆ ಬರುತ್ತಲೇ ಇರುತ್ತದೆ, ನಾನೂ ಉತ್ತರಿಸುತ್ತಲೇ ಇದ್ದೇನೆ. ನಿಮ್ಮ ಬರಿದುತನಕ್ಕೆ ಮನಃಶಾಸ್ತ್ರದಲ್ಲಿ ಹಳೆಯ ವಿವರಣೆಯೊಂದಿದೆ. ಎರಿಕ್ ಎರಿಕ್ಸನ್ 1950ರಲ್ಲಿ ಮನುಷ್ಯನ ಬದುಕನ್ನು ಎಂಟು ಹಂತಗಳಾಗಿ ವಿಂಗಡಿಸಿದರು. ಸುಮಾರು ನಲವತ್ತರಿಂದ ಅರವತ್ತೈದರವರೆಗಿನ ಏಳನೆಯ ಹಂತದಲ್ಲಿ, ಮುಂದಿನ ತಲೆಮಾರನ್ನು ಬೆಳೆಸುವ ಕಾಳಜಿ ಅಂದರೆ ಜನರೇಟಿವಿಟಿ ಮೂಡದಿದ್ದರೆ ಮನಸ್ಸು ನಿಂತ ನೀರಾಗುತ್ತದೆ ಎಂದು ಅವರು ಹೇಳಿದರು. ಇಷ್ಟನ್ನು ನೀವೂ ಓದಿರುತ್ತೀರಿ. ತೊಡಕಿರುವುದು ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲಿ.

ಬುದ್ಧಿ ಹೇಳುವುದೇ ಮಾರ್ಗದರ್ಶನ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಹುಡುಗ ಕೇಳದಿದ್ದರೆ ತಪ್ಪು ಹುಡುಗನದೇ ಎಂದು ತೀರ್ಮಾನಿಸಿಬಿಡುತ್ತೇವೆ. ಬ್ರ್ಯಾಡ್ಲಿ ಮತ್ತು ಮಾರ್ಸಿಯಾ ಎಂಬ ಸಂಶೋಧಕರು 1998ರಲ್ಲಿ ನಡುವಯಸ್ಸಿನವರನ್ನು ಎರಡು ಅಳತೆಗಳಿಂದ ನೋಡಿದರು: ಕಿರಿಯರ ಬೆಳವಣಿಗೆಯಲ್ಲಿ ಎಷ್ಟು ತೊಡಗಿದ್ದಾರೆ, ಮತ್ತು ತಮಗಿಂತ ಭಿನ್ನವಾದ ದಾರಿಗೆ ಎಷ್ಟು ಜಾಗ ಕೊಡುತ್ತಾರೆ. ಹೀಗೆ ಅವರು ಗುರುತಿಸಿದ ಐದು ಬಗೆಗಳಲ್ಲಿ ಒಂದರವರು ಕಿರಿಯರಿಗಾಗಿ ಸಾಕಷ್ಟು ದುಡಿಯುತ್ತಾರೆ, ಆದರೆ ಕಿರಿಯರು ತಮ್ಮ ಅಚ್ಚಿನಲ್ಲೇ ಎರಕಗೊಳ್ಳಬೇಕೆಂದು ಬಯಸುತ್ತಾರೆ. ಓಣಿಯ ಕಟ್ಟೆಯ ಮೇಲೆ ಕುಳಿತು ಬುದ್ಧಿ ಹೇಳುವವರು ಬಹುಪಾಲು ಈ ಬಗೆಯವರು. ಅವರಲ್ಲಿ ಕಾಳಜಿಗೆ ಕೊರತೆಯಿಲ್ಲ, ಜಾಗ ಬಿಡುವುದು ಮಾತ್ರ ಗೊತ್ತಿಲ್ಲ.

ಜಾಗ ಬಿಡುವುದು ಹೇಗೆಂಬುದನ್ನು ಪರಿಚಯದ ಮೋಟರ್ ರಿವೈಂಡಿಂಗ್ ಅಂಗಡಿಯೊಂದರಲ್ಲಿ ನೋಡಿದ್ದೇನೆ. ಹೊಲದ ತ್ರೀ ಫೇಸ್ ಮೋಟರ್ ಸುಟ್ಟು ಬಂದಾಗ, ಹಳೆಯ ಸುರುಳಿಯನ್ನು ಕತ್ತರಿಸುವ ಮುನ್ನ ಸುತ್ತುಗಳ ಸಂಖ್ಯೆ, ತಂತಿಯ ದಪ್ಪ, ಸುರುಳಿ ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹಾಯುತ್ತದೆ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಒಂದು ಸುರುಳಿಯಲ್ಲಿ ಕೆಲವು ಸುತ್ತು ಕಡಿಮೆ ಹಾಕಿದ್ದ. ಮಾಲೀಕರು ಅದನ್ನು ಕಂಡರೂ ಸುಮ್ಮನಿದ್ದು, ಜೋಡಣೆ ಮುಗಿದ ಮೇಲೆ ಕ್ಲಾಂಪ್ ಮೀಟರನ್ನು ಅವನ ಕೈಗಿತ್ತರು. ಹೊರೆಯಿಲ್ಲದೆ ಮೋಟರ್ ಓಡಿಸಿ ನೋಡಿದರೆ ಮೂರು ಫೇಸುಗಳ ಕರೆಂಟ್ ಸಮವಾಗಿರಲಿಲ್ಲ. ಹುಡುಗ ಬಹಳ ಹೊತ್ತು ನೋಡಿ, ತಾನೇ ಆ ಸುರುಳಿಯನ್ನು ಹುಡುಕಿ ತೆಗೆದ. ವಾರ್ನಿಷ್ ಹಾಕಿ ಒಣಗಿಸಿದ ಮೇಲೆ ಅದನ್ನು ಬಿಚ್ಚುವುದು ದೊಡ್ಡ ಕಷ್ಟ. ಆದ್ದರಿಂದಲೇ ಮಾಲೀಕರು ಪರೀಕ್ಷೆಯನ್ನು ವಾರ್ನಿಷ್‌ಗೆ ಮೊದಲೇ ಇಟ್ಟಿದ್ದರು. ತಪ್ಪಿನ ಬೆಲೆ ಕಡಿಮೆಯಿರುವ ಜಾಗದಲ್ಲಿ ತಪ್ಪಲು ಬಿಟ್ಟು, ಅದು ಹುಡುಗನ ಕಣ್ಣಿಗೇ ಬೀಳುವಂತೆ ಮಾಡುವುದು ಮಾರ್ಗದರ್ಶನ. "ಲಕ್ಷ್ಯ ಕೊಟ್ಟು ಸುತ್ತೋ ತಮ್ಮಾ" ಎಂದು ದಿನವಿಡೀ ಕೂಗುವುದು ಆಯಾಸ ಮಾತ್ರ.

ಇದರಿಂದ ಮಾಲೀಕರಿಗೇನು ಸಿಕ್ಕಿತು? ಮುಂದಿನ ಸಲ ಸಂಶಯ ಬಂದಾಗ ಹುಡುಗ ತಾನಾಗಿಯೇ ಕೇಳಲು ಬಂದ. ಇದು ಸಣ್ಣ ವಿಷಯವಲ್ಲ. ಹಾಂಗ್‌ಕಾಂಗಿನ ವೃದ್ಧರನ್ನು ಕುರಿತ 2009ರ ಅಧ್ಯಯನವೊಂದರಲ್ಲಿ, ಕಿರಿಯರು ತಮ್ಮ ಕಾಣಿಕೆಗೆ ಬೆಲೆ ಕೊಡುವುದಿಲ್ಲ ಎಂದು ಅನಿಸಿದವರು ಕ್ರಮೇಣ ಆ ಕಾಳಜಿಯನ್ನೇ ಕೈಬಿಡುವತ್ತ ಸರಿದದ್ದು ಕಂಡುಬಂತು. ಅವರು ನಿಮಗಿಂತ ಹಿರಿಯರು ನಿಜ, ಆದರೆ ನೀವು ಹೇಳುವ ಬೇಸರ ಅದೇ ಜಾತಿಯದು. ಕೊಡುವುದರಿಂದ ಮಾತ್ರ ಅರ್ಥ ಹುಟ್ಟುವುದಿಲ್ಲ, ಕೊಟ್ಟದ್ದು ಇನ್ನೊಬ್ಬರ ಕೈಯಲ್ಲಿ ಬಳಕೆಯಾಗುವುದನ್ನು ಕಂಡಾಗ ಹುಟ್ಟುತ್ತದೆ. ಹಾಗಾಗಿ ನಿಮಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು, ಅದನ್ನು ಕಲಿಯಲೇಬೇಕಾದ ಒಬ್ಬರಿಗೆ ಕಲಿಸಿ. ಓಣಿಯ ಎಲ್ಲ ಹುಡುಗರನ್ನೂ ತಿದ್ದುವ ಹೊಣೆಯನ್ನು ನಿಮಗೆ ಯಾರೂ ಹೊರಿಸಿಲ್ಲ. ಕಲಿಯುವವರು ತಾವಾಗಿ ಪ್ರಶ್ನೆ ಕೇಳಲು ಬರುತ್ತಿದ್ದಾರೆಯೇ ಎಂಬುದನ್ನು ಗಮನಿಸಿ. ತಿಂಗಳುಗಟ್ಟಲೆ ಬಾರದಿದ್ದರೆ ನೀವು ಇನ್ನೂ ಬುದ್ಧಿಯನ್ನೇ ಹೇಳುತ್ತಿದ್ದೀರಿ ಎಂದು ತಿಳಿಯಿರಿ.

ಇಷ್ಟಾದ ಮೇಲೆ, ನೀವು ಕೇಳದ ಇನ್ನೊಂದು ಪ್ರಶ್ನೆ: ಕಲಿಸಿದವರಿಗೆ ತಮ್ಮ ಹೆಸರು ಉಳಿಯಬೇಕೆಂಬ ಆಸೆ ಇರಬಹುದೇ? ನಮ್ಮ ಕಡೆ ಇದನ್ನು ಬಾಯಿಬಿಟ್ಟು ಹೇಳಲು ಜನ ನಾಚುತ್ತಾರೆ. ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿರುವ ಡ್ಯಾನ್ ಮ್ಯಾಕ್ಆಡಮ್ಸ್ ಅವರಂತೂ ಜನರೇಟಿವಿಟಿಯ ಬೇರಿನಲ್ಲೇ ಎರಡು ಬಯಕೆಗಳನ್ನು ಕಾಣುತ್ತಾರೆ. ಇತರರಿಗೆ ಬೇಕಾದವರಾಗಿರುವುದು ಒಂದು, ತಾವು ಹೋದ ಮೇಲೂ ಉಳಿಯುವಂಥದ್ದನ್ನು ಬಿಟ್ಟುಹೋಗುವುದು ಇನ್ನೊಂದು. ಎರಡನೆಯದು ಇದ್ದರೆ ಕಾಳಜಿ ಸುಳ್ಳಾಗುವುದಿಲ್ಲ. ಆದರೆ ಹೆಸರು ಉಳಿಯಲು ಶಿಷ್ಯ ತನ್ನ ಪಡಿಯಚ್ಚಾಗಬೇಕು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕುಂದಗೋಳದ ಸವಾಯಿ ಗಂಧರ್ವರು ತಮ್ಮ ಐವತ್ತರ ಆಸುಪಾಸಿನಲ್ಲಿ, ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗೆ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಹಾಡುಗಾರಿಕೆಯನ್ನು ಕಲಿಸಿದರು. ಜೋಶಿಯವರು ಬೇರೆ ಘರಾಣೆಗಳಿಂದಲೂ ಬೇಕಾದ್ದನ್ನು ಎತ್ತಿಕೊಂಡು ತಮ್ಮದೇ ಶೈಲಿಯಲ್ಲಿ ಹಾಡಿದರು, ಮತ್ತು 1952ರಲ್ಲಿ ಗುರುಗಳು ತೀರಿಕೊಂಡ ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವಕ್ಕೆ ಮುಂದಾದರು.