‘ಪರಿಶೀಲಿಸಲಾಗಿ ಕಂಡುಬಂದಿರುತ್ತದೆ’: ಪರಿಶೀಲಿಸಿದ್ದು ಯಾರು?

ಓದುಗರ ಪ್ರಶ್ನೆ: ನಾನು ತಾಲ್ಲೂಕು ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ದ್ವಿತೀಯ ದರ್ಜೆ ಸಹಾಯಕಿ. ಕಡತದ ಟಿಪ್ಪಣಿಯನ್ನು ಸರಳವಾಗಿ ಬರೆದರೆ ‘ಇದು ಕಚೇರಿ ಭಾಷೆ ಅಲ್ಲಮ್ಮ’ ಎಂದು ವಾಪಸ್ ಬರುತ್ತದೆ. ‘ಪರಿಶೀಲಿಸಲಾಗಿ, ಕಂಡುಬಂದಿರುತ್ತದೆ’ ಎಂದು ಬರೆದರೆ ಸಹಿ ಬೀಳುತ್ತದೆ, ಆದರೆ ಎರಡು ತಿಂಗಳ ನಂತರ ಓದಿದರೆ ನನಗೇ ಅರ್ಥವಾಗುವುದಿಲ್ಲ. ಗಾಂಭೀರ್ಯ ಕೆಡದ ಹಾಗೆ ನೇರವಾಗಿ ಬರೆಯುವುದು ಹೇಗೆ?

ಉತ್ತರ: ನಾನೂ ಹಲವು ವರ್ಷ ಟಿಪ್ಪಣಿ ಹಾಳೆ ತುಂಬಿಸಿದವನೇ. ನಿಮಗೆ ಬೇಕಾದ ರೂಪ ನಿಮ್ಮ ಕಡತದಲ್ಲೇ ಇದೆ. ಯಾವುದಾದರೂ ಟಿಪ್ಪಣಿಯ ಕೊನೆಯ ಸಾಲು ನೋಡಿ. ‘ಆದೇಶಕ್ಕಾಗಿ ಮಂಡಿಸಿದೆ’ ಎಂದಿರುತ್ತದೆ. ‘ಮಂಡಿಸಲಾಗಿರುತ್ತದೆ’ ಎಂದು ಯಾರೂ ಹಟ ಹಿಡಿಯುವುದಿಲ್ಲ. ‘ಮಂಡಿಸಿದೆ’ ಎಂಬುದು ನೇರ ಕ್ರಿಯಾಪದ. ‘ನಾನು’ ಎಂಬ ಮಾತಿಲ್ಲ, ಆದರೂ ಮಂಡಿಸಿದ್ದು ಈ ಶಾಖೆ ಎಂದು ಗೊತ್ತಾಗುತ್ತದೆ. ಕಚೇರಿ ಭಾಷೆಯೂ ಹೌದು, ಕನ್ನಡವೂ ಹೌದು. ಕೊನೆಯ ಸಾಲಿಗೆ ಸಲ್ಲುವ ಈ ರೂಪ ನಡುವಿನ ಸಾಲುಗಳಿಗೆ ಸಲ್ಲದು ಎಂದು ಯಾವ ನಿಯಮವೂ ಹೇಳುವುದಿಲ್ಲ. ದಾಖಲೆ ‘ಪರಿಶೀಲಿಸಿದೆ’, ನಕಲು ‘ಲಗತ್ತಿಸಿದೆ’, ವಿವರಣೆ ‘ಕೇಳಿದೆ’. ನಿಮ್ಮ ಶಾಖೆ ಮಾಡಿದ ಕೆಲಸಕ್ಕೆಲ್ಲ ಇಷ್ಟೇ ಸಾಕು.

ಈ ‘ಲಾಗಿದೆ’ಯ ಗುಣ ಸ್ವಲ್ಪ ವಿಚಿತ್ರ. ‘ಅರ್ಜಿಯನ್ನು ಪರಿಶೀಲಿಸಲಾಗಿದೆ’ ಎನ್ನುವಾಗ ಅರ್ಜಿ ‘ಅನ್ನು’ ಹಚ್ಚಿಕೊಂಡು ಕರ್ಮವಾಗಿಯೇ ಉಳಿಯುತ್ತದೆ. ಕರ್ತೃವಿನ ಜಾಗ ಮಾತ್ರ ಖಾಲಿ. ಇಂಗ್ಲಿಷಿನಿಂದ ಬಂದ ಕಚೇರಿ ರೂಢಿಗೆ ಕನ್ನಡದ ಅಂಗಿ ತೊಡಿಸುವಾಗ ಈ ಖಾಲಿ ಕುರ್ಚಿ ಬಹಳ ಉಪಯೋಗಕ್ಕೆ ಬಂತು. ಬರೆಯುವವರಿಗೂ ಹಿತ, ಯಾಕೆಂದರೆ ನಾಳೆ ಏನಾದರೂ ಎಡವಟ್ಟಾದರೆ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ ಅಲ್ವಾ!

ಹಾಗಾಗಿ ವಾಕ್ಯವನ್ನು ತಿದ್ದುವ ಮೊದಲು ‘ಯಾರು?’ ಎಂದು ಕೇಳಿಕೊಳ್ಳಿ. ಉತ್ತರ ‘ನಮ್ಮ ಶಾಖೆ’ ಎಂದಾದರೆ ‘ಪರಿಶೀಲಿಸಿದೆ’. ಬೇರೆಯವರಾದರೆ ಅವರ ಪದನಾಮ ಬರೆದು ‘ನೀಡಿದ್ದಾರೆ, ಕೋರಿದ್ದಾರೆ’ ಎನ್ನಿ. ಯಾರು ಎಂಬುದು ಮುಖ್ಯವೇ ಅಲ್ಲದಿದ್ದರೆ ‘ಬಂದಿದೆ, ಆಗಿದೆ, ಉಳಿದಿದೆ’ಯಂಥ ಸಣ್ಣ ಕ್ರಿಯಾಪದ ಹಾಕಿ. ‘ದೂರನ್ನು ಸ್ವೀಕರಿಸಲಾಗಿರುತ್ತದೆ’ ಎನ್ನುವ ಬದಲು ‘ದೂರು ಬಂದಿದೆ’. ಯಾವ ಮೇಲಧಿಕಾರಿಯೂ ಇದನ್ನು ಆಡುಮಾತು ಎಂದು ಹೊಡೆದು ಹಾಕುವುದನ್ನು ನಾನು ಕಂಡಿಲ್ಲ.

ಒಂದು ಟಿಪ್ಪಣಿಯನ್ನೇ ಹಿಡಿದು ನೋಡೋಣ. ಇದು ನಾನೇ ಕಟ್ಟಿದ್ದು, ಹೆಸರು ಮೊತ್ತ ಯಾವುದೂ ನಿಜವಲ್ಲ. ಆದರೆ ಇಂಥದ್ದು ನಿಮ್ಮ ಮೇಜಿನ ಮೇಲೂ ಇರುತ್ತದೆ.

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (1)ರ ಪತ್ರದಲ್ಲಿ ಸದರಿ ಪ್ರೌಢಶಾಲೆಯ ಎರಡು ಕೊಠಡಿಗಳ ಚಾವಣಿಯು ಸೋರುತ್ತಿರುವುದಾಗಿ ತಿಳಿಸಲಾಗಿದ್ದು, ಸದರಿ ಕೊಠಡಿಗಳ ದುರಸ್ತಿ ಕಾಮಗಾರಿಯನ್ನು ಕೈಗೊಳ್ಳುವಂತೆ ಕೋರಲಾಗಿರುತ್ತದೆ. ಈ ಬಗ್ಗೆ ಸ್ಥಳ ಪರಿಶೀಲನೆಯನ್ನು ನಡೆಸಲಾಗಿ, ಚಾವಣಿಯು ಶಿಥಿಲಗೊಂಡಿರುವುದು ಕಂಡುಬಂದಿರುತ್ತದೆ. ಅದರಂತೆ ರೂ. 3.40 ಲಕ್ಷಗಳ ಅಂದಾಜು ಪಟ್ಟಿಯನ್ನು ತಯಾರಿಸಿ ಸಲ್ಲಿಸಲಾಗಿರುತ್ತದೆ. ಸದರಿ ಅಂದಾಜು ಪಟ್ಟಿಯನ್ನು ಪರಿಶೀಲಿಸಲಾಗಿದ್ದು, ದುರಸ್ತಿಯು ಅವಶ್ಯಕವೆಂದು ಅಭಿಪ್ರಾಯಪಡಲಾಗಿದೆ. ಆದ್ದರಿಂದ ಅನುದಾನ ಬಿಡುಗಡೆಯ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬಹುದಾಗಿದೆ ಎಂಬ ಅಂಶವನ್ನು ಅವಗಾಹನೆಗೆ ತರಲಾಗಿದೆ.’

ಓದಲು ಗಂಭೀರವಾಗಿದೆ. ಈಗ ಸಹಿ ಹಾಕಬೇಕಾದ ಅಧಿಕಾರಿಯ ಜಾಗದಲ್ಲಿ ಕೂತು ನೋಡಿ. ಸ್ಥಳ ನೋಡಿದ್ದು ಯಾರು, ಯಾವತ್ತು? ಅಂದಾಜು ಪಟ್ಟಿ ಮಾಡಿದವರು ಯಾರು, ಅದನ್ನು ಪರಿಶೀಲಿಸಿದವರು ಯಾರು? ಅಭಿಪ್ರಾಯ ಎಂಜಿನಿಯರ್ ಅವರದೋ ಶಾಖೆಯದೋ? ಕೊನೆಗೆ ನನ್ನಿಂದ ಯಾವ ಆದೇಶ ಬೇಕು? ಒಂದಕ್ಕೂ ಉತ್ತರವಿಲ್ಲ. ಹಾಗಾಗಿಯೇ ಇಂಥ ಕಡತ ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ವಾಪಸ್ ಬರುತ್ತದೆ. ನಾವೋ, ಸಾಹೇಬರು ಸುಮ್ನೆ ತೊಂದರೆ ಕೊಡುತ್ತಾರೆ ಎಂದುಕೊಳ್ಳುತ್ತೇವೆ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಈ ಟಿಪ್ಪಣಿಯನ್ನು ಕೂತಲ್ಲೇ ಸರಳ ಮಾಡಲು ಆಗುವುದಿಲ್ಲ. ‘ಯಾರು?’ ಎಂಬುದಕ್ಕೆ ಉತ್ತರ ವಾಕ್ಯದೊಳಗೆ ಇಲ್ಲವೇ ಇಲ್ಲ. ಪತ್ರ ವ್ಯವಹಾರದ ಭಾಗವನ್ನು ತೆರೆದು ಪುಟ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಕೆಲವೊಮ್ಮೆ ಸ್ಥಳ ಪರಿಶೀಲನೆಯ ವರದಿಗೆ ದಿನಾಂಕವೇ ಇರುವುದಿಲ್ಲ. ಇನ್ನು ಕೆಲವೊಮ್ಮೆ ವರದಿಯೇ ಇರುವುದಿಲ್ಲ! ‘ನಡೆಸಲಾಗಿ’ ಎಂಬ ಒಂದು ಪದ ಅದನ್ನು ಅಲ್ಲಿಯವರೆಗೂ ಮುಚ್ಚಿಟ್ಟಿರುತ್ತದೆ. ವಾಕ್ಯ ತಿದ್ದಲು ಹೋಗಿ ಕಡತದ ತೂತು ಸಿಕ್ಕಿದರೆ ಮೊದಲು ಆ ವರದಿ ತರಿಸಿ, ಆಮೇಲೆ ಬರೆಯಿರಿ.

ನಮ್ಮ ಕಡತದಲ್ಲಿ ಎಲ್ಲ ಕಾಗದವೂ ಸಿಕ್ಕಿತು ಎಂದಿಟ್ಟುಕೊಳ್ಳಿ. ಆಗ ಟಿಪ್ಪಣಿ ಹೀಗಾಗುತ್ತದೆ.

‘1. ಶಾಲೆಯ ಎರಡು ಕೊಠಡಿಗಳ ಚಾವಣಿ ಸೋರುತ್ತಿದ್ದು, ದುರಸ್ತಿ ಮಾಡಿಸಿಕೊಡುವಂತೆ ಮುಖ್ಯ ಶಿಕ್ಷಕರು ದಿನಾಂಕ 12-06ರ ಪತ್ರದಲ್ಲಿ ಕೋರಿದ್ದಾರೆ (ಪುಟ 3).

2. ಕಿರಿಯ ಎಂಜಿನಿಯರ್ ಅವರು 20-06ರಂದು ಸ್ಥಳ ಪರಿಶೀಲಿಸಿ, ಚಾವಣಿ ಶಿಥಿಲವಾಗಿದೆ, ಮಳೆಗಾಲದಲ್ಲಿ ಕೊಠಡಿಗಳನ್ನು ಬಳಸುವುದು ಸುರಕ್ಷಿತವಲ್ಲ ಎಂದು ವರದಿ ನೀಡಿದ್ದಾರೆ (ಪುಟ 7).

3. ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರು ರೂ. 3.40 ಲಕ್ಷದ ಅಂದಾಜು ಪಟ್ಟಿ ಸಲ್ಲಿಸಿದ್ದಾರೆ (ಪುಟ 9–12). ಪಟ್ಟಿಯ ಲೆಕ್ಕವನ್ನು ಶಾಖೆಯಲ್ಲಿ ಕೂಡಿ ನೋಡಿದೆ, ಸರಿಯಿದೆ. ದರಗಳನ್ನು ಶಾಖೆ ಪರಿಶೀಲಿಸಿಲ್ಲ.

4. ಶಾಲಾ ಕಟ್ಟಡ ದುರಸ್ತಿಯ ಲೆಕ್ಕ ಶೀರ್ಷಿಕೆಯಲ್ಲಿ ರೂ. 5.10 ಲಕ್ಷ ಉಳಿದಿದೆ.

5. ದುರಸ್ತಿಗೆ ಆಡಳಿತಾತ್ಮಕ ಅನುಮೋದನೆ ನೀಡಿ, ರೂ. 3.40 ಲಕ್ಷ ಬಿಡುಗಡೆ ಮಾಡಬಹುದು. ಒಪ್ಪಿಗೆಯಾದಲ್ಲಿ, ಕರಡು ಆದೇಶ ಪುಟ 14ರಲ್ಲಿದೆ. ಆದೇಶಕ್ಕಾಗಿ ಮಂಡಿಸಿದೆ.’

ಉದ್ದ ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಸರಳ ಎಂದರೆ ಚಿಕ್ಕದು ಎಂದುಕೊಂಡವರಿಗೆ ಇಲ್ಲಿ ನಿರಾಸೆಯಾಗಬಹುದು. ‘ಸದರಿ’, ‘ಲಾಗಿರುತ್ತದೆ’ ಬಿಟ್ಟುಹೋದ ಜಾಗದಲ್ಲಿ ಪದನಾಮ, ದಿನಾಂಕ, ಪುಟಸಂಖ್ಯೆ, ಉಳಿದಿರುವ ಹಣ ಬಂದು ಕೂತಿವೆ. ಗಾಂಭೀರ್ಯ ಇರುವುದೂ ಇವುಗಳಲ್ಲೇ. ಆಮೇಲೆ ಗೌರವದ ಬಹುವಚನ ಇದೆ, ಕಂಡಿಕೆಯ ಸಂಖ್ಯೆ ಇದೆ, ‘ಆಡಳಿತಾತ್ಮಕ ಅನುಮೋದನೆ’, ‘ಲೆಕ್ಕ ಶೀರ್ಷಿಕೆ’ಯಂಥ ನಿಗದಿತ ಪದಗಳಿವೆ. ಈ ಪದಗಳನ್ನು ಸರಳ ಮಾಡಲು ಹೋಗಬೇಡಿ. ‘ಆಡಳಿತಾತ್ಮಕ ಅನುಮೋದನೆ’ ಬೇರೆ, ‘ತಾಂತ್ರಿಕ ಮಂಜೂರಾತಿ’ ಬೇರೆ. ಎರಡನ್ನೂ ‘ಒಪ್ಪಿಗೆ’ ಎಂದು ಬರೆದರೆ ಕಡತ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ.

ಮೂರನೆಯ ಕಂಡಿಕೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ‘ದರಗಳನ್ನು ಶಾಖೆ ಪರಿಶೀಲಿಸಿಲ್ಲ.’ ಮೊದಲಿನ ರೂಪದಲ್ಲಿ ‘ಪರಿಶೀಲಿಸಲಾಗಿದ್ದು’ ಎಂದಿತ್ತು. ಮುಂದೆ ಲೆಕ್ಕಪರಿಶೋಧನೆಯಲ್ಲಿ ದರ ಜಾಸ್ತಿಯಾಗಿದೆ ಎಂದು ಆಕ್ಷೇಪಣೆ ಬಂದರೆ, ಆ ಟಿಪ್ಪಣಿಯ ಕೆಳಗೆ ಇರುವುದು ನಿಮ್ಮ ಸಹಿ. ಪರಿಶೀಲಿಸಿದವರು ನೀವೇ ಎಂದು ಯಾರಾದರೂ ಹೇಳಬಹುದು. ಕರ್ತೃವಿಲ್ಲದ ವಾಕ್ಯ ನಮ್ಮನ್ನು ಕಾಪಾಡುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಖಾಲಿ ಕುರ್ಚಿಯಲ್ಲಿ ಕೆಳಗಿನವರನ್ನೇ ಕೂರಿಸುವುದು ಸುಲಭ. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಟಿಪ್ಪಣಿ ಹಾಳೆಯ ನಕಲನ್ನು ಹೊರಗಿನವರೂ ಕೇಳುತ್ತಾರೆ. ಯಾರು ಎಷ್ಟು ನೋಡಿದರು ಎಂದು ಬರೆದಿಟ್ಟವರಿಗೇ ಹೆಚ್ಚು ನೆಮ್ಮದಿ.

‘ಇರುತ್ತದೆ’ಯ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ‘ಅವರು ಬೆಳಿಗ್ಗೆ ಬಂದಿರುತ್ತಾರೆ’ ಎಂದರೆ ಒಂದೋ ದಿನಾಲೂ ಹಾಗೆ, ಇಲ್ಲವೇ ಬಂದಿರಬಹುದು ಎಂಬ ಊಹೆ. ‘ಬಂದಿದ್ದಾರೆ’ ಎಂದರೆ ಖಚಿತ. ಕಚೇರಿಯಲ್ಲಿ ಮಾತ್ರ ಖಚಿತವಾದದ್ದಕ್ಕೂ ‘ವರದಿ ಸಲ್ಲಿಸಿರುತ್ತಾರೆ’ ಎನ್ನುತ್ತೇವೆ. ತೂಕ ಹೆಚ್ಚಲಿ ಎಂದು ಸೇರಿಸಿದ ‘ಇರುತ್ತದೆ’ ವಾಕ್ಯಕ್ಕೆ ಅನುಮಾನದ ಬಣ್ಣ ಹಚ್ಚುತ್ತದೆ. ‘ಸಲ್ಲಿಸಿದ್ದಾರೆ’ ಸಾಕು. ಹಾಗೆಯೇ ‘ತಹಶೀಲ್ದಾರ್ ರವರು’ ಎಂಬುದಕ್ಕೆ ‘ತಹಶೀಲ್ದಾರ್ ಅವರು’ ಎನ್ನಿ. ಈ ‘ರವರು’ ಎಲ್ಲಿಂದ ಹುಟ್ಟಿತೋ, ನನಗಂತೂ ಅದರ ಮೇಲೆ ಹಳೆಯ ಸಿಟ್ಟಿದೆ.

ನೇರವಾಗಿ ಬರೆಯಲು ಹೊರಟವರು ಹೊಸ ತಪ್ಪೊಂದನ್ನು ಮಾಡುವುದುಂಟು. ‘ಮಂಡಿಸಿದೆ’ಯ ರುಚಿ ಹತ್ತಿ ‘ತಹಶೀಲ್ದಾರರು ವರದಿ ನೀಡಿದೆ’ ಎಂದು ಬರೆದುಬಿಡುತ್ತಾರೆ. ಕಚೇರಿ, ಇಲಾಖೆ, ಸಮಿತಿ ಆದರೆ ‘ನೀಡಿದೆ’. ವ್ಯಕ್ತಿ ಆದರೆ ‘ನೀಡಿದ್ದಾರೆ’. ‘ಪತ್ರದಲ್ಲಿ ಕೋರಿದೆ’ ಎಂಬುದೂ ಅಷ್ಟೇ ಕೆಟ್ಟದ್ದು. ಕೋರಿದ್ದು ನಿಮ್ಮ ಕಚೇರಿಯೋ ಪತ್ರ ಬರೆದವರೋ ಎಂದು ತಿಳಿಯುವುದಿಲ್ಲ. ‘ಲಾಗಿ’ ತೆಗೆದಿದ್ದೀರಿ, ಆದರೆ ಕುರ್ಚಿ ಇನ್ನೂ ಖಾಲಿ.

‘ಲಾಗಿದೆ’ಯನ್ನು ಉಳಿಸಿಕೊಳ್ಳಬೇಕಾದ ಕಡೆಗಳೂ ಇವೆ. ದೂರುದಾರರ ಹೆಸರು ಹೊರಗೆ ಬರಬಾರದು ಎಂದಿರುವ ಕಡತದಲ್ಲಿ ‘ಎಂದು ದೂರಲಾಗಿದೆ’ ಎನ್ನುವುದೇ ಸರಿ. ಅಲ್ಲಿ ಕುರ್ಚಿ ಖಾಲಿ ಇರುವುದು ಬೇಕೆಂದೇ. ನಿಯಮವನ್ನೋ ಸುತ್ತೋಲೆಯನ್ನೋ ಉದ್ಧರಿಸುವಾಗ ಅಕ್ಷರವನ್ನೂ ಬದಲಿಸಬೇಡಿ, ಅದು ಎಷ್ಟೇ ಉಬ್ಬಿರಲಿ. ಸರ್ಕಾರಿ ಆದೇಶದ ಕೊನೆಯ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲಿಗೆ ಸಂವಿಧಾನದ 166ನೇ ವಿಧಿಯ ಆಧಾರವಿದೆ. ಅದನ್ನು ಮುಟ್ಟುವ ಹಾಗಿಲ್ಲ.

ಇನ್ನು ನಿಮ್ಮ ನಿಜವಾದ ಕಷ್ಟ, ವಾಪಸ್ ಕಳಿಸುವ ಮೇಲಿನವರು. ಒಂದೇ ಸಲ ಇಡೀ ಟಿಪ್ಪಣಿ ಬದಲಿಸಿ ಅವರ ಮುಂದೆ ಇಟ್ಟರೆ ಯಾರಾದರೂ ಬೆಚ್ಚುತ್ತಾರೆ. ಮೊದಲ ಸಾಲಿನ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಇರಲಿ ಬಿಡಿ, ಕೊನೆಯ ‘ಮಂಡಿಸಿದೆ’ ಹೇಗೂ ಇದೆ. ಕೊನೆಯ ಕಂಡಿಕೆಯಿಂದ ಶುರು ಮಾಡಿ. ‘ಸೂಕ್ತ ಕ್ರಮ ಕೈಗೊಳ್ಳಬಹುದಾಗಿದೆ’ ಎಂಬ ಜಾಗದಲ್ಲಿ, ಅವರು ಯಾವುದಕ್ಕೆ ಒಪ್ಪಬೇಕು, ಎಷ್ಟು ಮೊತ್ತ, ಕರಡು ಯಾವ ಪುಟದಲ್ಲಿದೆ ಎಂದು ಬರೆಯಿರಿ. ಸಹಿ ಹಾಕುವವರಿಗೆ ಅದು ಅವರ ಕೆಲಸ ಉಳಿಸುವ ಸಾಲು, ಹಾಗಾಗಿ ಅದರ ಭಾಷೆಯ ಬಗ್ಗೆ ತಕರಾರು ಕಡಿಮೆ. ಅದು ಎರಡು ಮೂರು ಕಡತದಲ್ಲಿ ದಾಟಿದ ಮೇಲೆ ಪದನಾಮ, ದಿನಾಂಕ ಇರುವ ನಡುವಿನ ಕಂಡಿಕೆಗಳಿಗೆ ಕೈ ಹಾಕಿ. ‘ಸದರಿ’ಯನ್ನು ಕಟ್ಟಕಡೆಗೆ ತೆಗೆಯಿರಿ. ಕೆಲವರಿಗೆ ಅದರ ಮೇಲೆ ತುಂಬಾ ಪ್ರೀತಿ.