ಏನೂ ಆಗದ ದಿನವನ್ನೂ ಬರೆಯಿರಿ

ಡೆಲಿವರಿ ವ್ಯಾನುಗಳ ಸ್ಥಿತಿಗೆ ಮಾರ್ಕೊವ್ ಸರಪಳಿ, ಅಂದರೆ ನಾಳಿನ ಸ್ಥಿತಿ ಇವತ್ತಿನ ಸ್ಥಿತಿಯನ್ನಷ್ಟೇ ಅವಲಂಬಿಸುತ್ತದೆ ಎಂದಿಟ್ಟುಕೊಂಡು ಮಾಡುವ ಲೆಕ್ಕ, ಹಾಕಿ, ಯಾವ ಸ್ಥಿತಿಯಲ್ಲಿ ಎಷ್ಟು ಪಾಲು ಸಮಯ ಹೋಗುತ್ತದೆ ಹೇಳಿ ಎಂದು ಕೇಳುವವರು ಕೈಯಲ್ಲಿ ಹಿಡಿದು ತರುವುದು ಸಾಮಾನ್ಯವಾಗಿ ರಿಪೇರಿ ರಿಜಿಸ್ಟರ್. ಅದರಲ್ಲಿ ಗಾಡಿ ಕೆಟ್ಟ ದಿನ ಇರುತ್ತದೆ, ಗ್ಯಾರೇಜಿಗೆ ಹೋದ ದಿನ ಇರುತ್ತದೆ, ಹೊರಬಂದ ದಿನವೂ ಇರುತ್ತದೆ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇದ್ದ ದಿನ ಮಾತ್ರ ಇರುವುದಿಲ್ಲ. "ಏನೂ ಆಗದಿದ್ದರೆ ಏನಂತ ಬರೆಯೋದು ಸಾರ್?" ಎಂದು ಗುಮಾಸ್ತರು ಕೇಳುತ್ತಾರೆ. ಇಡೀ ಲೆಕ್ಕ ನಿಂತಿರುವುದೇ ಆ ದಿನಗಳ ಮೇಲೆ ಎಂದು ಎಷ್ಟು ಸಲ ಹೇಳಿದರೂ ಮುಂದಿನ ತಿಂಗಳು ಅದೇ ರಿಜಿಸ್ಟರ್ ಬರುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಶಿವಮೊಗ್ಗದ ಒಬ್ಬ ವಿತರಕರ ಹತ್ತಿರ 11 ವ್ಯಾನುಗಳಿವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಅಂಗಡಿಗಳಿಗೆ ಸರಕು ಹಾಕುತ್ತವೆ. ಸ್ಥಿತಿಗಳು ಮೂರೇ ಸಾಕು. ಯಾವ ದೂರೂ ಇಲ್ಲದ ಗಾಡಿ 'ಸರಿ'. ಓಡುತ್ತಿದೆ, ಆದರೆ ಕ್ಲಚ್ ಜಾರುತ್ತದೆ, ಬ್ರೇಕ್ ಕಿರುಗುಟ್ಟುತ್ತದೆ, ಘಾಟಿಗೆ ಕಳಿಸಲು ಡ್ರೈವರ್ ಒಪ್ಪುವುದಿಲ್ಲ ಎಂದರೆ ಅದು 'ಕುಂಟು'. ಮೂರನೆಯದು 'ಗ್ಯಾರೇಜ್'. ಐದಾರು ಸ್ಥಿತಿ ಮಾಡಿದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಒಂದೊಂದು ಬಗೆಗೂ ಎರಡು ಮೂರು ಎಣಿಕೆ ಬಿದ್ದು ಯಾವ ಸಂಖ್ಯೆಯನ್ನೂ ನಂಬುವಂತಿರುವುದಿಲ್ಲ.

120 ಕೆಲಸದ ದಿನಗಳಲ್ಲಿ ಅವರ ರಿಜಿಸ್ಟರಿನಲ್ಲಿ 120 ನಮೂದುಗಳಿವೆ ಎನ್ನಿ. ಸರಿಯಿಂದ ಕುಂಟಿಗೆ 40, ಸರಿಯಿಂದ ನೇರ ಗ್ಯಾರೇಜಿಗೆ 10, ಕುಂಟಿನಿಂದ ಸರಿಗೆ 20, ಕುಂಟಿನಿಂದ ಗ್ಯಾರೇಜಿಗೆ 20, ಗ್ಯಾರೇಜಿನಿಂದ ಸರಿಗೆ 30. ಗ್ಯಾರೇಜ್ ಸೇರಿದ ನಮೂದು 120ರಲ್ಲಿ 30. ಸಾಹುಕಾರರು ತಕ್ಷಣ ಹೇಳುತ್ತಾರೆ: "ಕಾಲು ಭಾಗ ಟೈಮು ಗ್ಯಾರೇಜಲ್ಲೇ ಹೋಗ್ತಿದೆ. ಅಂದ್ರೆ ಮೂರು ಗಾಡಿ ಯಾವಾಗಲೂ ಅಲ್ಲೇ ಬಿದ್ದಿರ್ತವೆ. ಇನ್ನು ಮೂರು ತಗೋಬೇಕು." ಬ್ಯಾಂಕಿನವರೂ ಬೇಡ ಅನ್ನುವುದಿಲ್ಲ.

ಆ 25 ಪ್ರತಿಶತ ಭೇಟಿಗಳ ಪಾಲು, ಸಮಯದ ಪಾಲಲ್ಲ. ಗಾಡಿ ಎಷ್ಟು ಸಲ ಹೋಯಿತು ಎನ್ನುವುದು ಒಂದು ಪ್ರಶ್ನೆ, ಹೋದಾಗ ಎಷ್ಟು ದಿನ ಉಳಿಯಿತು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಇರುವುದು ರಿಜಿಸ್ಟರಿನಲ್ಲಿ ಇಲ್ಲದ ದಿನಗಳಲ್ಲಿ.

ಮಾಡಬೇಕಾದ್ದು ಇಷ್ಟು: ಪ್ರತಿದಿನ ಬೆಳಿಗ್ಗೆ, ಲೋಡ್ ಹಾಕುವ ಮೊದಲು, ಪ್ರತಿ ಗಾಡಿಯ ಮುಂದೆ ಮೂರರಲ್ಲಿ ಒಂದು ಅಕ್ಷರ ಬರೆಯಿರಿ. ಇವತ್ತಿನದೂ ನಾಳೆಯದೂ ಸೇರಿ ಒಂದು ಜೋಡಿ. 120 ಜೋಡಿ ಬೇಕಾದರೆ 121 ಬೆಳಿಗ್ಗೆ ಬರೆಯಬೇಕು. ಭಾನುವಾರ ರಜೆಯಾದರೆ ಶನಿವಾರಕ್ಕೆ ಸೋಮವಾರವೇ ಜೋಡಿ, ಇದನ್ನು ಮಧ್ಯದಲ್ಲಿ ಬದಲಿಸಬಾರದು. 11 ಗಾಡಿಗೆ ಒಟ್ಟು 1320 ಜೋಡಿ ಸಿಗುತ್ತವೆ. ಅದರಲ್ಲಿ ಬದಲಾವಣೆ ಆ 120 ಮಾತ್ರ. ಉಳಿದ 1200 ಜೋಡಿ ಏನೂ ಆಗದವು: ಸರಿ ಸರಿಯಾಗಿಯೇ ಉಳಿದದ್ದು 950, ಕುಂಟು ಕುಂಟಾಗಿಯೇ 160, ಗ್ಯಾರೇಜಿನಲ್ಲೇ ಉಳಿದದ್ದು 90. ಪ್ರತಿ ಸಾಲನ್ನೂ ಅದರ ಮೊತ್ತದಿಂದ, ಅಂದರೆ 1000, 200, 120ರಿಂದ ಭಾಗಿಸಿದರೆ ದಿನದ ಮ್ಯಾಟ್ರಿಕ್ಸ್ ಬರುತ್ತದೆ. ಎಡಗಡೆಯದು ಇವತ್ತು, ಮೇಲಿನದು ನಾಳೆ:

```
            ಸರಿ     ಕುಂಟು    ಗ್ಯಾರೇಜ್
ಸರಿ         0.95    0.04     0.01
ಕುಂಟು       0.10    0.80     0.10
ಗ್ಯಾರೇಜ್     0.25    0.00     0.75
```

ಸ್ಥಿರ ಪಾಲು, ಅಂದರೆ ದೀರ್ಘಕಾಲದಲ್ಲಿ ಒಂದೊಂದು ಸ್ಥಿತಿಯಲ್ಲಿ ಹೋಗುವ ಸಮಯದ ಪಾಲು, ಕಂಡುಹಿಡಿಯಲು ಸಾಫ್ಟ್‌ವೇರ್ ಬೇಕಿಲ್ಲ. ದೀರ್ಘಕಾಲದಲ್ಲಿ ಒಂದು ಸ್ಥಿತಿಗೆ ಒಳಬರುವಷ್ಟೇ ಹೊರಹೋಗಬೇಕು. ಸರಿಯ ಪಾಲನ್ನು ಸದ್ಯಕ್ಕೆ 1 ಎಂದಿಟ್ಟುಕೊಳ್ಳಿ. ಕುಂಟಿಗೆ ಒಳಬರುವುದು 0.04, ಅಲ್ಲಿಂದ ದಿನಕ್ಕೆ ಹೊರಡುವ ಅಂಶ 0.20. ಹಾಗಾಗಿ ಕುಂಟಿನ ಪಾಲು 0.04 ಭಾಗಿಸು 0.20, ಅಂದರೆ 0.20. ಗ್ಯಾರೇಜಿಗೆ ಸರಿಯಿಂದ 0.01, ಕುಂಟಿನಿಂದ 0.20ರ ಹತ್ತನೇ ಒಂದು ಭಾಗ 0.02, ಒಟ್ಟು 0.03 ಬರುತ್ತದೆ, ಹೊರಡುವ ಅಂಶ 0.25. ಪಾಲು 0.12. ಮೂರೂ ಕೂಡಿದರೆ 1.32. ಅದರಿಂದ ಭಾಗಿಸಿದಾಗ ಸರಿ 75.8, ಕುಂಟು 15.2, ಗ್ಯಾರೇಜ್ 9.1 ಪ್ರತಿಶತ. 11 ಗಾಡಿಗಳಲ್ಲಿ ಗ್ಯಾರೇಜಿನಲ್ಲಿರುವುದು ಸರಾಸರಿ ಒಂದು, ಮೂರಲ್ಲ.

ನಂಬಿಕೆ ಬಾರದವರು ರಿಜಿಸ್ಟರಿನಿಂದಲೇ ಪರೀಕ್ಷಿಸಬಹುದು. ಭೇಟಿಗಳು ಸರಿಗೆ 50, ಕುಂಟಿಗೆ 40, ಗ್ಯಾರೇಜಿಗೆ 30. ಒಂದು ಭೇಟಿಯ ಸರಾಸರಿ ಉಳಿಕೆ ಎಂದರೆ 1ನ್ನು ಹೊರಡುವ ಅಂಶದಿಂದ ಭಾಗಿಸಿದ್ದು: ಕ್ರಮವಾಗಿ 20, 5 ಮತ್ತು 4 ದಿನ. ಗುಣಿಸಿದರೆ 1000, 200, 120. ಅದೇ ಪಾಲು. ರಿಜಿಸ್ಟರ್ ಸುಳ್ಳು ಹೇಳಿರಲಿಲ್ಲ, ಉಳಿಕೆಯ ದಿನಗಳಿಂದ ಗುಣಿಸದೆ ಓದಲಾಗಿತ್ತು.

ಚುರುಕಾದವರು ಇಲ್ಲಿ ತಡೆಯುತ್ತಾರೆ: 1320ರಲ್ಲಿ 120 ದಿನ ಗ್ಯಾರೇಜ್ ಎಂದು ನೇರ ಎಣಿಸಿದರೂ 9.1 ಬರುತ್ತದಲ್ಲ, ಮ್ಯಾಟ್ರಿಕ್ಸ್ ಯಾಕೆ? ಸರಿಯಾದ ಮಾತು. ಆಗಿಹೋದದ್ದಷ್ಟೇ ಬೇಕಿದ್ದರೆ ಎಣಿಸಿ ಸುಮ್ಮನಾಗಿ, ನನ್ನ ಫೀಸೂ ಉಳಿಯುತ್ತದೆ. ಮ್ಯಾಟ್ರಿಕ್ಸ್ ಬೇಕಾಗುವುದು ಒಂದು ಸಾಲು ಬದಲಾದರೆ ಏನಾಗುತ್ತದೆ ಎಂದು ನೋಡಲು. ಗ್ಯಾರೇಜಿನವರನ್ನು ಅವಸರಪಡಿಸಿ ನಾಲ್ಕು ದಿನದ ಉಳಿಕೆಯನ್ನು ಎರಡಕ್ಕೆ ಇಳಿಸಿದರೆ ಗ್ಯಾರೇಜ್ 4.8ಕ್ಕೆ ಇಳಿಯುತ್ತದೆ, ಆದರೆ ಸರಿ 79.4 ಆಗುತ್ತದೆ ಅಷ್ಟೆ. ಅದರ ಬದಲು ಬ್ರೇಕ್ ಲೈನರ್, ಕ್ಲಚ್ ಕೇಬಲ್ ಗೋಡೌನಿನಲ್ಲೇ ಇಟ್ಟು ಸಣ್ಣ ದೂರನ್ನು ಅಲ್ಲೇ ತೀರಿಸಿ, ಕುಂಟಿನಿಂದ ಸರಿಗೆ ಹೋಗುವುದನ್ನು 0.10ರಿಂದ 0.30ಕ್ಕೆ ಏರಿಸಿದರೆ ಗ್ಯಾರೇಜ್ 6.8, ಸರಿ 84.7. ಘಾಟಿಗೆ ಕಳಿಸಬಹುದಾದ ಗಾಡಿ ಎಷ್ಟು ಎನ್ನುವುದು ಮುಖ್ಯವಾದವರಿಗೆ ಎರಡನೆಯದೇ ಒಳ್ಳೆಯದು. ಖರ್ಚಿನ ಲೆಕ್ಕ ಬೇರೆ ಹಾಕಿಕೊಳ್ಳಬೇಕು. ಸರಿಯಿಂದ ನೇರ ಗ್ಯಾರೇಜಿಗೆ ಹೋದದ್ದು ಹತ್ತೇ ಸಲ ಎನ್ನುವುದೂ ನೆನಪಿರಲಿ. ಅದು ಮುಂದಿನ ಸಲ ಆರೋ ಹದಿನಾಲ್ಕೋ ಆದರೆ ಆಶ್ಚರ್ಯವಿಲ್ಲ, ಹಾಗಾಗಿ ದಶಮಾಂಶಗಳ ಮೇಲೆ ಜಗಳ ಬೇಡ.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ, ಹೊಂಡ ಬಿದ್ದ ರಸ್ತೆಗೆ, ಆಗುಂಬೆಯ ತಿರುವುಗಳಿಗೆ ಬೇಸಿಗೆಯ ಮ್ಯಾಟ್ರಿಕ್ಸ್ ಹೊಂದುವುದಿಲ್ಲ. ವರ್ಷಪೂರ್ತಿಯದನ್ನು ಒಟ್ಟಿಗೆ ಸುರಿದು ಒಂದೇ ಮ್ಯಾಟ್ರಿಕ್ಸ್ ಮಾಡಿದರೆ ಅದು ಯಾವ ತಿಂಗಳಿಗೂ ಸೇರದ ಸಂಖ್ಯೆ ಕೊಡುತ್ತದೆ. ಮಳೆಗಾಲಕ್ಕೆ ಬೇರೆಯೇ ಎಣಿಸಿ. ನಾಲ್ಕು ತಿಂಗಳು ಸ್ಥಿರಕ್ಕೆ ಬರಲು ಸಾಲದೇನೋ ಎಂಬ ಅನುಮಾನ ಬೇಡ: ಮೇಲಿನ ಮ್ಯಾಟ್ರಿಕ್ಸಿನಂಥದ್ದರಲ್ಲಿ ಮೊದಲ ದಿನದ ಸ್ಥಿತಿಯ ಪ್ರಭಾವ ದಿನಕ್ಕೆ ಹತ್ತಿರಹತ್ತಿರ ಕಾಲು ಭಾಗ ಕರಗುತ್ತದೆ, ಮೂರು ವಾರದಲ್ಲಿ ಲೆಕ್ಕಕ್ಕೆ ಸಿಗದಷ್ಟಾಗುತ್ತದೆ.

ಕೊನೆಗೆ ಎಲ್ಲರೂ ಕೇಳುವುದು, ಹಾಗಾದರೆ ಒಂದು ಸ್ಪೇರ್ ಗಾಡಿ ಸಾಕಲ್ಲವೇ ಎಂದು. ಸರಾಸರಿ ಒಂದು ಎಂದರೆ ದಿನವೂ ಒಂದೇ ಎಂದಲ್ಲ. ಗಾಡಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂದಿಟ್ಟುಕೊಂಡರೆ 11ರಲ್ಲಿ ಒಂದೂ ಗ್ಯಾರೇಜಿನಲ್ಲಿಲ್ಲದ ದಿನಗಳು ನೂರರಲ್ಲಿ 35, ಒಂದೇ ಇರುವ ದಿನಗಳು 39, ಎರಡೋ ಅದಕ್ಕಿಂತ ಹೆಚ್ಚೋ ಇರುವ ದಿನಗಳು 26. ಒಂದು ಸ್ಪೇರ್ ಇಟ್ಟರೆ ನಾಲ್ಕು ದಿನಕ್ಕೊಮ್ಮೆ ಯಾವುದೋ ಒಂದು ರೂಟ್ ತಪ್ಪುತ್ತದೆ. ಅದೂ ಸಂಬಂಧವಿಲ್ಲದೆ ಕೆಟ್ಟರೆ. ಒಂದೇ ಮಳೆ ಎಲ್ಲದರ ಬ್ರೇಕಿಗೂ ಬೀಳುವ ವಾರದಲ್ಲಿ ಎರಡು ಮೂರು ಒಟ್ಟಿಗೆ ಹೋಗುವ ದಿನಗಳು ಇದಕ್ಕಿಂತ ಹೆಚ್ಚೇ.