ರಾತ್ರಿ ಮೀನಖಂಡ ಹಿಡಿದುಕೊಂಡಾಗ ಮೊದಲು ಮುಟ್ಟಿ ನೋಡಿ

ಮನೆಗಳಲ್ಲಿ ಇದನ್ನು 'ನರ ಹಿಡ್ಕೊಂಡಿದೆ' ಅಂತಾರೆ. ನಿಜವಾಗಿ ಹಿಡಿದುಕೊಳ್ಳುವುದು ಸ್ನಾಯು. ನರ ಕೊಡುವ ಸೂಚನೆ ನಿಲ್ಲದೆ ಬರುತ್ತಲೇ ಇರುತ್ತದೆ, ಮೀನಖಂಡ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮುಟ್ಟಿದರೆ ಆ ಗಂಟು ಕೈಗೆ ಸಿಗುತ್ತದೆ. ಓದುವಾಗ ಈ ಗುರುತನ್ನೇ ಮೊದಲು ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾತ್ರಿಯೇ ಯಾಕೆ? ಅಂಗಾತ ಮಲಗಿದಾಗ ದಪ್ಪ ಹೊದಿಕೆಯ ಭಾರಕ್ಕೆ ಪಾದ ಕೆಳಕ್ಕೆ ಬಾಗುತ್ತದೆ. ಆಗ ಮೀನಖಂಡ ಮೊದಲೇ ಕುಗ್ಗಿರುತ್ತದೆ. ನಿದ್ದೆಯಲ್ಲಿ ಸುಮ್ನೆ ಕಾಲು ಚಾಚಿದರೂ ಸಾಕು, ಸೆಳೆತ ಶುರುವಾಗಬಹುದು.

64 ವರ್ಷದ ಒಬ್ಬ ಅಮ್ಮ ಈ ತೊಂದರೆ ಹೇಳಿಕೊಂಡು ನಿಮ್ಮ ಹತ್ತಿರ ಬರುತ್ತಾರೆ ಅಂದುಕೊಳ್ಳಿ. ವಾರಕ್ಕೆ ಮೂರು ರಾತ್ರಿ ಎಚ್ಚರವಾಗುತ್ತದೆ. ಗಂಟು ಕಟ್ಟುತ್ತದೆ, ಎರಡು ನಿಮಿಷದಲ್ಲಿ ಬಿಡುತ್ತದೆ, ಬೆಳಗ್ಗೆ ಸ್ವಲ್ಪ ನೋವು ಉಳಿಯುತ್ತದೆ. ವಯಸ್ಸೇ ಒಂದು ಕಾರಣ. ಆದರೂ ಮಾತ್ರೆಗಳ ಚೀಟಿ ಕೇಳಲೇಬೇಕು. ಬಿ.ಪಿ.ಗೆ ಕೊಡುವ, ಮೂತ್ರ ಜಾಸ್ತಿ ಮಾಡುವ ಮಾತ್ರೆ ಈಚೆಗೆ ಶುರುವಾಗಿದ್ದರೆ ಅದನ್ನು ಅನುಮಾನಿಸಬೇಕು. ಅವರೇ ನಿಲ್ಲಿಸುವುದು ಬೇಡ, ಬರೆದುಕೊಟ್ಟ ವೈದ್ಯರಿಗೆ ಹೇಳಲಿ. ಗರ್ಭಿಣಿಯರಲ್ಲೂ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲೂ ಈ ಸೆಳೆತ ಸಾಮಾನ್ಯ. ಮೆಗ್ನೀಸಿಯಂ ಮಾತ್ರೆಯನ್ನು ತುಂಬ ಜನ ತಾವೇ ಕೊಳ್ಳುತ್ತಾರೆ. ವಯಸ್ಸಾದವರಲ್ಲಿ ಅದರಿಂದ ಹೇಳಿಕೊಳ್ಳುವಷ್ಟು ಉಪಯೋಗ ಕಂಡಿಲ್ಲ.

ಸೆಳೆತ ಬಂದ ಕ್ಷಣದಲ್ಲಿ ಮಂಡಿ ನೇರವಾಗಿಟ್ಟು ಪಾದದ ಬೆರಳುಗಳನ್ನು ಮುಖದ ಕಡೆಗೆ ಎಳೆಯಬೇಕು. ಮಂಡಿ ಮಡಚಿಕೊಂಡು ಎಳೆಯುವುದು ಎಲ್ಲರೂ ಮಾಡುವ ತಪ್ಪು. ಮೀನಖಂಡದ ಮೇಲಿನ ದೊಡ್ಡ ಸ್ನಾಯು ಮಂಡಿಯನ್ನೂ ದಾಟಿ ತೊಡೆಯ ಮೂಳೆಗೆ ಅಂಟಿಕೊಂಡಿದೆ ಅಲ್ವಾ? ಮಂಡಿ ಮಡಚಿದರೆ ಅದು ಸಡಿಲವಾಗುತ್ತದೆ, ಪೂರ್ತಿ ಹಿಗ್ಗುವುದಿಲ್ಲ.

ಮಲಗುವ ಮುಂಚೆ ಇದನ್ನೇ ನಿಂತು ಮಾಡಿಸಿ. ಗೋಡೆಯಿಂದ ಎರಡು ಅಡಿ ದೂರ ನಿಂತು, ಅಂಗೈ ಗೋಡೆಗೆ ಊರಿ, ಮುಂದಕ್ಕೆ ವಾಲಬೇಕು. ಹಿಮ್ಮಡಿ ನೆಲ ಬಿಡಬಾರದು. 10 ಸೆಕೆಂಡು ಹಿಡಿದು ಬಿಟ್ಟು, ಹೀಗೆ ಮೂರು ಸಲ. ಒಂದೆರಡು ದಿನಕ್ಕೆ ಫಲ ಕಾಣದು, ಆರು ವಾರ ನೋಡಬೇಕು. ಸಮತೋಲ ತಪ್ಪುವವರು ಹಾಸಿಗೆಯ ಮೇಲೆ ಕುಳಿತು, ಟವೆಲನ್ನು ಪಾದಕ್ಕೆ ಹಾಕಿ ಎಳೆದುಕೊಳ್ಳಲಿ.

ಈಗ ಗಂಟಿನ ಗುರುತಿಗೆ ವಾಪಸ್ ಬರೋಣ. ಗಂಟೇ ಇಲ್ಲ, ಕಾಲು ಅಲ್ಲಾಡಿಸಬೇಕು ಅನ್ನುವ ಚಡಪಡಿಕೆ ಮಾತ್ರ ಇದ್ದರೆ ಅದು ಬೇರೆ ತೊಂದರೆ, ಕಬ್ಬಿಣದಂಶ ಪರೀಕ್ಷಿಸಬೇಕು. ನಡೆದಾಗ ಹಿಡಿದು, ನಿಂತರೆ ಬಿಡುವ ನೋವು ರಕ್ತನಾಳ ಕಿರಿದಾಗಿರುವ ಸೂಚನೆ ಇರಬಹುದು. ಕಾಲಿನ ಶಕ್ತಿ ಕುಂದುತ್ತಿದ್ದರೆ, ಸ್ನಾಯು ಸೊರಗುತ್ತಿದ್ದರೆ ತಡ ಮಾಡದೆ ನರರೋಗ ತಜ್ಞರಿಗೆ ತೋರಿಸಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಒಂದೇ ಕಾಲಿನ ಊತ. ನೋವು ನಿಮಿಷಗಳಲ್ಲಿ ಬಿಡದೆ ದಿನವಿಡೀ ಇದ್ದು, ಆ ಮೀನಖಂಡ ಬಿಸಿಯಾಗಿ ಕೆಂಪಾಗಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಆಪರೇಷನ್ ಆಗಿ ಮಲಗಿದ್ದವರಲ್ಲಿ, ದೂರ ಪ್ರಯಾಣ ಮಾಡಿ ಬಂದವರಲ್ಲಿ ಈ ಅನುಮಾನ ಮೊದಲೇ ಇರಲಿ. ಆ ಕಾಲನ್ನು ತಿಕ್ಕಬೇಡಿ, ಅದೇ ದಿನ ಆಸ್ಪತ್ರೆಗೆ ಕಳಿಸಿ. ಜೊತೆಗೆ ಏದುಸಿರು ಅಥವಾ ಎದೆನೋವು ಇದ್ದರೆ ಆಗಲೇ 108ಕ್ಕೆ ಫೋನ್ ಮಾಡಿ.